ಶನಿವಾರದ ಹೋಳಿಗೆಗೆ ಬುಧವಾರವೇ ಏಕೆ ಫೋನು?

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಮನೆಯಲ್ಲೇ ಹೋಳಿಗೆ, ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಎಷ್ಟೋ ಹೆಣ್ಣುಮಕ್ಕಳಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಇರುವುದು ಒಂದು ಫೋನ್ ನಂಬರು, ಅದು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗುತ್ತದೆ. ಮೊದಲ ಸಲ ಫೋನ್ ಮಾಡಿದವರಿಗೆ ಆ ಕಡೆಯಿಂದ ಬರುವ ಉತ್ತರ ಸ್ವಲ್ಪ ಕಸಿವಿಸಿ ಉಂಟುಮಾಡುತ್ತದೆ: "ಶನಿವಾರಕ್ಕ ಬೇಕಂದ್ರ ಬುಧವಾರ ರಾತ್ರಿ ಎಂಟರೊಳಗ ಹೇಳಬೇಕ್ರೀ. ಆಮ್ಯಾಲೆ ತಗೊಳ್ಳೂದಿಲ್ಲ." ಒಂದು ಹೋಳಿಗೆ ಹಂಚಿನ ಮೇಲೆ ಬೇಯುವುದು ಎರಡೇ ನಿಮಿಷ. ಅದಕ್ಕೆ ಮೂರು ದಿನ ಮೊದಲು ಹೇಳಬೇಕೆಂದರೆ ಇದೆಂಥ ಜಂಬ ಎಂದು ಗಿರಾಕಿಗೆ ಅನಿಸಬಹುದು.

ಅದು ಜಂಬವಲ್ಲ. ಗಡುವು ಹುಟ್ಟುವುದು ಹಂಚಿನ ಮೇಲಿನ ಎರಡು ನಿಮಿಷದಿಂದಲ್ಲ, ಅದರ ಹಿಂದೆ ಸಾಲುಗಟ್ಟಿ ನಿಂತ ಕೆಲಸಗಳಿಂದ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ತಪ್ಪುವುದೂ ಇಲ್ಲೇ. ಅನುಕೂಲವಾದ ಒಂದು ದಿನವನ್ನು ಗಡುವು ಎಂದು ಮೊದಲು ಸಾರಿಬಿಡುತ್ತಾರೆ, ಕೆಲಸವನ್ನು ಆಮೇಲೆ ಅದಕ್ಕೆ ಹೊಂದಿಸಲು ಹೆಣಗುತ್ತಾರೆ. ಲೆಕ್ಕ ಹಿಡಿಯಬೇಕಾದದ್ದು ತಿರುಗಾಮುರುಗಾ: ಡಬ್ಬಿ ಗಿರಾಕಿಯ ಕೈ ಸೇರುವ ಗಳಿಗೆಯಿಂದ ಶುರುಮಾಡಿ ಹಿಂದಕ್ಕೆ ಬರಬೇಕು.

ಒಂದು ಮನೆಯನ್ನು ಕಲ್ಪಿಸಿಕೊಂಡು ಈ ಲೆಕ್ಕ ಹಾಕಿ ನೋಡೋಣ. ಅತ್ತೆ, ಸೊಸೆ, ಜೊತೆಗೆ ಕರೆದ ದಿನ ಬರುವ ಒಬ್ಬ ಸಹಾಯಕಿ. ಎರಡು ಒಲೆಯ ಗ್ಯಾಸು, ಅದರ ಪಕ್ಕಕ್ಕೆ ದೊಡ್ಡ ಬರ್ನರಿನ ಇನ್ನೊಂದು ಒಲೆ. ಮಾಡುವುದು ಐದು ಪದಾರ್ಥ: ಕಡಲೆಬೇಳೆ ಹೋಳಿಗೆ, ಶೇಂಗಾ ಹೋಳಿಗೆ, ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ. ಐದೂ ಒಂದೇ ಅಡಿಗೆಮನೆಯಿಂದ ಬರುತ್ತವೆ, ಆದರೆ ಒಂದೊಂದರ ಆಯುಷ್ಯ ಒಂದೊಂದು ತರಹ. ವಾರದ ವೇಳಾಪಟ್ಟಿಯನ್ನು ಬರೆಯುವುದು ಈ ಆಯುಷ್ಯವೇ.

ಬೇಳೆ ಹೋಳಿಗೆ ಎಲ್ಲಕ್ಕಿಂತ ಅಲ್ಪಾಯುಷಿ. ಬೇಯಿಸಿದ ಬೇಳೆಯಲ್ಲಿ ನೀರಿನಂಶ ಉಳಿದೇ ಇರುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡನೆಯ ದಿನ ದಾಟಿಸುವುದೇ ಕಷ್ಟ. ಕೆಟ್ಟಿದ್ದು ಗೊತ್ತಾಗುವುದು ಮೊದಲು ಮೂಗಿಗೆ, ಒಂದು ಸಣ್ಣ ಹುಳಿವಾಸನೆಯಾಗಿ. ಮುರಿದು ನೋಡಿದಾಗ ಹೂರಣ ನೂಲು ಎಳೆದರಂತೂ ಮುಗಿಯಿತು. ಶೇಂಗಾ ಹೋಳಿಗೆಯ ಕತೆ ಬೇರೆ. ಅದರ ಹೂರಣ ಹುರಿದ ಶೇಂಗಾ, ಬೆಲ್ಲ, ಎಳ್ಳು, ಯಾಲಕ್ಕಿ ಕೂಡಿಸಿ ಕುಟ್ಟಿದ್ದು. ಬೇಯಿಸಿದ್ದು ಅದರೊಳಗೆ ಏನೂ ಇಲ್ಲ, ಹಾಗಾಗಿ ಒಣಗುವ ಹಾಗೆ ಸುಟ್ಟರೆ ಹತ್ತು-ಹದಿನೈದು ದಿನ ಜಗ್ಗುವುದಿಲ್ಲ. ಚೆನ್ನಾಗಿ ಆರಿಸಿದ ಖಡಕ್ ರೊಟ್ಟಿಯಂತೂ ತಿಂಗಳುಗಟ್ಟಲೆ ಇರುತ್ತದೆ. ಪುಡಿಗಳಲ್ಲಿ ಅಗಸಿಗೆ ಮಾತ್ರ ಎಚ್ಚರ ಬೇಕು. ಅದರ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಎರಡು-ಮೂರು ವಾರದಲ್ಲಿ ಮುಗಿಯುವಷ್ಟೇ ಮಾಡಬೇಕು.

ಇಷ್ಟಾದ ಮೇಲೆ ಪದಾರ್ಥಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ರೊಟ್ಟಿ, ಚಟ್ನಿಪುಡಿ ಮಾಡಿಟ್ಟು ಮಾರುವಂಥವು. ಅವಕ್ಕೆ ಗಡುವೇ ಬೇಡ, ಡಬ್ಬಿಯಲ್ಲಿ ಇದ್ದಷ್ಟು ಕೊಟ್ಟರಾಯಿತು. ಎರಡೂ ಹೋಳಿಗೆಗಳು ಹೇಳಿದ ಮೇಲೆ ಮಾಡುವಂಥವು. ಶೇಂಗಾ ಹೋಳಿಗೆಯನ್ನೂ ಮಾಡಿಟ್ಟು ಮಾರಬಹುದಲ್ಲ ಎಂದರೆ ಮಾರಬಹುದು. ಆದರೆ ಶೇಂಗಾ, ಬೆಲ್ಲ, ಮೂರು ಜನರ ಅರ್ಧ ದಿನದ ದುಡಿಮೆ ಎಲ್ಲವೂ ಡಬ್ಬಿಯೊಳಗೆ ಕೂತುಬಿಡುತ್ತವೆ, ಮಾರಾಟವಾಗುವ ತನಕ ಆ ದುಡ್ಡು ಕೈಗೆ ಬರುವುದಿಲ್ಲ. ಸಣ್ಣ ಮನೆಗೆ ಅದು ಭಾರ.

ವಾರದ ಮೊದಲರ್ಧ ಹೀಗಾಗಿ ಮಾಡಿಡುವ ಪದಾರ್ಥಗಳ ಪಾಲು. ಸೋಮವಾರ ಶೇಂಗಾ, ಅಗಸಿ ಹುರಿದು ಪುಡಿ. ಅದೇ ಸಂಜೆ ಜೋಳ ಗಿರಣಿಗೆ ಹೋಗಬೇಕು, ಏಕೆಂದರೆ ಮಂಗಳವಾರ, ಬುಧವಾರ ರೊಟ್ಟಿ. ಗಿರಣಿಯ ದಿನವನ್ನು ರೊಟ್ಟಿಯ ದಿನಕ್ಕೆ ಅಂಟಿಸಿಯೇ ಇಟ್ಟುಕೊಳ್ಳುವುದು ಲೇಸು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿ ಎಸರು ಸುರಿದು ನಾದಿದಾಗ ಹುಟ್ಟುವ ಅಂಟಿನ ಬಲದಲ್ಲೇ ರೊಟ್ಟಿ ಬಡಿಸಿಕೊಳ್ಳುತ್ತದೆ. ಮಾಲದಂಡಿ ಜೋಳವೇ ಆದರೂ ಹಿಟ್ಟು ಹಳತಾದರೆ ಜಿಗಿ ಬಿಡುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ಹಂಚಿಗೆ ಎತ್ತಿಹಾಕುವಾಗ ನಡುವೆಯೇ ಹರಿಯುತ್ತದೆ. ಅಮಾವಾಸ್ಯೆಗೆ ಗಿರಣಿ ಬಂದ್ ಇಡುವವರೂ ಇದ್ದಾರೆ. ಸೋಮವಾರ ಅಮಾವಾಸ್ಯೆ ಬಿದ್ದ ವಾರ ರೊಟ್ಟಿಯ ದಿನವೇ ಒಂದು ಹೆಜ್ಜೆ ಸರಿಯುತ್ತದೆ. ಅದಕ್ಕೇ ಇಂಥ ಮನೆಗಳ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದದ್ದು ಗಿರಣಿಯ ರಜೆಗೆ.

ಹೋಳಿಗೆಯದೇ ನಿಜವಾದ ಲೆಕ್ಕ. ಗಿರಾಕಿಗಳು ಶನಿವಾರ ಬೆಳಿಗ್ಗೆ ಹತ್ತೂವರೆಗೆ ಬಂದು ಒಯ್ಯುತ್ತಾರೆ ಎನ್ನೋಣ. ಬಿಸಿ ಹೋಳಿಗೆಯನ್ನು ಪೊಟ್ಟಣಕ್ಕೆ ಹಾಕುವಂತಿಲ್ಲ. ಬಟ್ಟೆಯ ಮೇಲೆ ಒಂದೊಂದಾಗಿ ಹರವಿ, ಮುಟ್ಟಿದರೆ ಬಿಸಿ ಹತ್ತದಷ್ಟು ಆರಿಸಬೇಕು. ಅವಸರಪಟ್ಟು ಕಟ್ಟಿದ್ದಕ್ಕೆ ಸಾಕ್ಷಿ ಕವರಿನ ಒಳಮೈಯಲ್ಲೇ ಸಿಗುತ್ತದೆ: ಹಬೆ ನೀರಹನಿಯಾಗಿ ಕೂತಿರುತ್ತದೆ. ಆ ಹನಿ ಬಿದ್ದ ಕಡೆಯೇ ಮರುದಿನ ಬೂಸು. ಆರಲು ಒಂದು ತಾಸು ಬಿಟ್ಟರೆ ಕೊನೆಯ ಹೋಳಿಗೆ ಒಂಬತ್ತೂವರೆಗೆ ಹಂಚಿನಿಂದ ಇಳಿಯಬೇಕು. ಐದಕ್ಕೆ ಹಂಚು ಕಾದಿತು ಎಂದರೆ ಕೈಯಲ್ಲಿರುವುದು ನಾಲ್ಕೂವರೆ ತಾಸು.

ಈ ನಾಲ್ಕೂವರೆ ತಾಸಿನಲ್ಲಿ ಎಷ್ಟು ಹೋಳಿಗೆ ಆಗುತ್ತವೆ? ಒಬ್ಬರು ಹೂರಣ ತುಂಬಿ ಲಟ್ಟಿಸುತ್ತ, ಇನ್ನೊಬ್ಬರು ಎರಡು ಹಂಚು ನೋಡಿಕೊಳ್ಳುತ್ತ ಹೋದರೆ ತಾಸಿಗೆ ನಲವತ್ತು ಆಗಬಹುದು. ನಲವತ್ತನ್ನು ನಾಲ್ಕೂವರೆಯಿಂದ ಗುಣಿಸಿ ನೂರಾ ಎಂಬತ್ತು ಎಂದು ಆರ್ಡರು ಹಿಡಿದವರು ಶನಿವಾರ ಅಳುತ್ತಾರೆ. ಕೈ ಯಂತ್ರವಲ್ಲ. ಮೊದಲ ಎರಡು ತಾಸು ನಲವತ್ತರಂತೆ ಎಂಬತ್ತು, ಆಮೇಲಿನ ಎರಡು ತಾಸು ಮೂವತ್ತೈದರಂತೆ ಎಪ್ಪತ್ತು, ಕೊನೆಯ ಅರ್ಧ ತಾಸಿಗೆ ಹದಿನೈದು: ಒಟ್ಟು 165. ಹೂರಣ ಹೊರಗೆ ಬಂದಿದ್ದು, ಸೀದದ್ದು, ಹರಿದದ್ದು ಎಂದು ಏಳೆಂಟು ಹೋಗುತ್ತವೆ. ಉಳಿದದ್ದು ಸುಮಾರು 157. ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಮಿತಿ 150. ಮಿಕ್ಕ ಏಳು ಎಣಿಕೆಯ ತಪ್ಪಿಗೆ, ರುಚಿ ನೋಡುವವರಿಗೆ.

ಮಿತಿಯನ್ನು ಅತಿ ಚೆನ್ನಾಗಿ ನಡೆದ ದಿನದ ವೇಗದಿಂದ ಕಟ್ಟಬಾರದು. ಪ್ರತಿ ಶನಿವಾರ ಕೊನೆಯ ಹೋಳಿಗೆ ಇಳಿದ ಹೊತ್ತನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟರೆ ಸಾಕು. ಒಂದರ ಹಿಂದೆ ಒಂದು ವಾರ ಅದು ಹತ್ತು ಗಂಟೆ ದಾಟುತ್ತಿದ್ದರೆ 150 ಜಾಸ್ತಿಯಾಯಿತು ಎಂದೇ ಅರ್ಥ, ನೂರಾ ಮೂವತ್ತಕ್ಕೆ ಇಳಿಸಬೇಕು. ಹೊಸ ಹಂಚು ಕೊಂಡರೆ ಸರಿಹೋಗುತ್ತದೆ ಎಂದು ಎಲ್ಲರೂ ಮೊದಲು ಯೋಚಿಸುತ್ತಾರೆ. ಮೂರನೆಯ ಹಂಚಿಗೆ ಹೋಳಿಗೆ ಒದಗಿಸಲು ಲಟ್ಟಿಸುವ ಕೈ ಇನ್ನೊಂದು ಇಲ್ಲದಿದ್ದರೆ ಆ ಹಂಚು ಸುಮ್ಮನೆ ಕಾಯುತ್ತ ಗ್ಯಾಸು ತಿನ್ನುತ್ತದೆ.

ಇನ್ನೂ ಹಿಂದಕ್ಕೆ ಬರೋಣ. ಒಂದು ಕಿಲೋ ಕಡಲೆಬೇಳೆ, ಒಂದು ಕಿಲೋ ಬೆಲ್ಲ ಸೇರಿದರೆ ನಲವತ್ತೈದರ ಆಸುಪಾಸು ಹೋಳಿಗೆಗೆ ಹೂರಣ. ನೂರೈವತ್ತಕ್ಕೆ ಮೂರೂವರೆ ಕಿಲೋ ಬೇಳೆ ಬೇಕು. ಅಷ್ಟನ್ನು ಒಂದೇ ಕುಕ್ಕರಿಗೆ ತುರುಕಿದರೆ ತಳದ್ದು ಮುದ್ದೆ, ಮೇಲಿನದು ಕಾಳುಕಾಳು. ಬೇಳೆ ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಆದರೆ ಕರಗಿರಬಾರದು. ಕರಗಿದ ಬೇಳೆಯ ಹೂರಣ ನೀರಾಗಿ ಲಟ್ಟಿಸುವಾಗ ಕಣಕವನ್ನು ಒಡೆದು ಹೊರಗೆ ಬರುತ್ತದೆ. ಹಾಗಾಗಿ ಬೇಯಿಸುವುದು ಎರಡು-ಮೂರು ಸರದಿಯಲ್ಲಿ, ನಂತರ ಕಟ್ಟು ಬಸಿದು, ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಕೈಯಾಡಿಸಿ, ಆರಿಸಿ ರುಬ್ಬುವುದು. ಇದೆಲ್ಲ ಶುಕ್ರವಾರ ಮಧ್ಯಾಹ್ನದ ಕೆಲಸ. ರಾತ್ರಿ ಹೂರಣ ಫ್ರಿಜ್ಜಿಗೆ ಹೋಗುತ್ತದೆ. ಕಣಕ ನಾದುವುದೂ ಮಲಗುವ ಮೊದಲು, ಏಕೆಂದರೆ ಎಣ್ಣೆಯಲ್ಲಿ ನೆನೆದು ಮೆತ್ತಗಾಗದ ಕಣಕ ಲಟ್ಟಣಿಗೆಯ ಕೆಳಗೆ ಮತ್ತೆ ಮತ್ತೆ ಕುಗ್ಗುತ್ತದೆ. (ಮೂರೂವರೆ ಕಿಲೋ ಬೇಳೆಯ ಕಟ್ಟನ್ನು ಚೆಲ್ಲುವ ಮನೆ ಇದ್ದರೆ ಅದು ಪಾಪ. ಶುಕ್ರವಾರ ರಾತ್ರಿಗೆ ನೆರೆಹೊರೆಯವರಿಗೆ ಕಟ್ಟಿನ ಸಾರು ಹೇಳಿಟ್ಟು ಮಾರುವುದೂ ಒಂದು ಒಳ್ಳೆಯ ದಾರಿ.)

ಬೇಳೆ ಹೋಳಿಗೆಯ ಸಂಖ್ಯೆ ಹಾಗಾದರೆ ನಿಜವಾಗಿ ಖಚಿತವಾಗಬೇಕಾದದ್ದು ಗುರುವಾರ ಸಂಜೆಗೆ. ಶೇಂಗಾ ಹೋಳಿಗೆ ಸುಡುವುದು ಗುರುವಾರ, ಏಕೆಂದರೆ ಶುಕ್ರವಾರ ಒಲೆಯ ಮೇಲೆ ಬೇಳೆ ಇರುತ್ತದೆ. ಗುರುವಾರವೇ ಸುಡಲು ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗೆ ರಾತ್ರಿ ಬಸ್ಸಿನಲ್ಲಿ ಕಳಿಸುವ ಗಿರಾಕಿಗಳು ಒಯ್ಯುವುದು ಶೇಂಗಾ ಹೋಳಿಗೆಯನ್ನೇ. ಗುರುವಾರ ಬೆಳಿಗ್ಗೆ ಸುಟ್ಟು, ಮಧ್ಯಾಹ್ನವೆಲ್ಲ ಆರಿಸಿ, ಸಂಜೆ ಡಬ್ಬಿಗೆ ಹಾಕಿ ಕಟ್ಟಿದರೆ ಶುಕ್ರವಾರ ಬೆಳಿಗ್ಗೆ ಅದು ಅಲ್ಲಿರುತ್ತದೆ. ಬೇಳೆ ಹೋಳಿಗೆಯನ್ನು ಬಸ್ಸಿಗೆ ಹಾಕಿಕೊಡಿ ಎಂದು ಕಾಡುವವರಿಗೆ ಇಲ್ಲ ಎನ್ನುವುದೇ ಸರಿ. ಹಳಸಿ ತಲುಪಿದರೆ ಬೈಗುಳ ಬಸ್ಸಿಗಲ್ಲ, ಮಾಡಿದವರಿಗೆ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಲ್ಲದೊಂದಿಗೆ ಪುಡಿ ಮಾಡಿಕೊಳ್ಳುವುದು ಬುಧವಾರ ರಾತ್ರಿ. ಅಂದರೆ ಶೇಂಗಾದ ಸಂಖ್ಯೆ ಬುಧವಾರ ಸಂಜೆಯ ಹೊತ್ತಿಗೇ ತಿಳಿದಿರಬೇಕು.

ಈಗ ಎರಡು ಗಡುವಾಯಿತು: ಶೇಂಗಾಕ್ಕೆ ಬುಧವಾರ, ಬೇಳೆಗೆ ಗುರುವಾರ. ಕಾಗದದ ಮೇಲೆ ಎರಡೂ ಸರಿ. ಫೋನಿನಲ್ಲಿ ಇವು ನಡೆಯುವುದಿಲ್ಲ. ಗಿರಾಕಿ ನೆನಪಿಡುವುದು ಒಂದೇ ದಿನವನ್ನು, ಅದರಲ್ಲೂ ತನಗೆ ಅನುಕೂಲವಾದದ್ದನ್ನು. "ಗುರುವಾರ ಅಂದಿದ್ರಲ್ರೀ ಅಕ್ಕಾರ" ಎಂದು ಶೇಂಗಾ ಹೋಳಿಗೆಗೆ ಗುರುವಾರ ಫೋನು ಬರುತ್ತದೆ, ವಾದಕ್ಕೆ ಹತ್ತು ನಿಮಿಷ ಹೋಗುತ್ತದೆ. ನನ್ನ ಮತ ಕೇಳಿದರೆ, ಮನೆಯೊಳಗೆ ಎಷ್ಟು ಗಡುವಾದರೂ ಇರಲಿ, ಹೊರಗೆ ಹೇಳುವುದು ಒಂದೇ ಇರಬೇಕು, ಅದು ಎಲ್ಲಕ್ಕಿಂತ ಮೊದಲು ಬರುವಂಥದ್ದು: ಬುಧವಾರ ರಾತ್ರಿ ಎಂಟು. ಆಗ ಗುರುವಾರ ಬೆಳಿಗ್ಗೆ ಸಹಾಯಕಿಗೆ "ಶನಿವಾರ ಐದಕ್ಕ ಬಾ" ಎಂದೋ, "ಈ ವಾರ ಬ್ಯಾಡ" ಎಂದೋ ಖಚಿತವಾಗಿ ಹೇಳಬಹುದು. ಅವಳ ದಿನಗೂಲಿಯ ಲೆಕ್ಕವೂ ಇದರಲ್ಲಿ ಅಡಗಿದೆ.

ಬೇಳೆಗೆ ಹೀಗೆ ಒಂದು ದಿನದ ಸಡಿಲು ಉಳಿಯುತ್ತದೆ. ಆ ದಿನ ಮನೆಯವರದು. ಬೆಲ್ಲದ ಅಂಗಡಿಯಲ್ಲಿ ಬೇಕಾದ ಬೆಲ್ಲ ಸಿಗದೆ ಹೋಗಬಹುದು, ಕರೆಂಟು ಹೋಗಿ ಗ್ರೈಂಡರ್ ನಿಲ್ಲಬಹುದು, ಸಿಲಿಂಡರು ಮುಗಿಯಬಹುದು. ಅದು ಇರುವುದು ಇವಕ್ಕಾಗಿ. "ನೀವು ಹಳಬರು, ಗುರುವಾರ ಹೇಳಿದ್ರೂ ನಡೀತದ" ಎಂದು ಒಬ್ಬರಿಗೆ ಬಿಟ್ಟುಕೊಟ್ಟರೆ ಸುದ್ದಿ ಓಣಿ ಸುತ್ತುತ್ತದೆ. ತಿಂಗಳೊಳಗೆ ಗುರುವಾರವೇ ಗಡುವಾಗುತ್ತದೆ, ಬುಧವಾರ ಬರೀ ಬಾಯಿಮಾತಾಗುತ್ತದೆ.

ಹೊತ್ತಿನ ಗಡುವು ಹೀಗಾದರೆ, ಸಂಖ್ಯೆಯ ಗಡುವು ಇನ್ನೊಂದು. ಇದನ್ನು ಹೇಳಲು ಮರೆಯುವವರೇ ಹೆಚ್ಚು. ಬುಧವಾರ ಎಂಟು ಗಂಟೆಯೋ, 150 ತುಂಬುವುದೋ, ಯಾವುದು ಮೊದಲೋ ಅದಕ್ಕೆ ಪುಸ್ತಕ ಮುಚ್ಚಬೇಕು. ನಮ್ಮ ಮನೆಯ ಒಂದು ವಾರವನ್ನೇ ನೋಡಿ. ಸೋಮವಾರ ಎರಡು ಆರ್ಡರು, ಒಟ್ಟು ಮೂವತ್ತೈದು ಹೋಳಿಗೆ. ಮಂಗಳವಾರ ಒಂದು ಸತ್ಯನಾರಾಯಣ ಪೂಜೆಯ ಮನೆಯಿಂದ ಐವತ್ತು, ಇನ್ನೊಂದು ಮನೆಯಿಂದ ಹದಿನೈದು, ನೂರಾಯಿತು. ಬುಧವಾರ ಮಧ್ಯಾಹ್ನದೊಳಗೆ ಮತ್ತೆ ಮೂವತ್ತು ಸೇರಿ 130. ಸಂಜೆ ಆರಕ್ಕೆ ಒಬ್ಬರು ಐವತ್ತು ಕೇಳುತ್ತಾರೆ. ಗಡುವಿಗೆ ಎರಡು ತಾಸು ಇನ್ನೂ ಇದೆ, ಕೇಳುವ ಹಕ್ಕು ಅವರಿಗಿದೆ. ಆದರೆ ಉಳಿದಿರುವುದು ಇಪ್ಪತ್ತೇ.

"ಹೆಂಗಾರ ಮಾಡಿ ಕೊಡ್ತೇವ್ರೀ" ಎಂಬುದು ಇಲ್ಲಿ ಅಪಾಯದ ಉತ್ತರ. ಆ ಹೆಚ್ಚಿನ ಮೂವತ್ತು ಹೋಳಿಗೆ ಹಂಚಿನ ಮೇಲೆ ಸುಮಾರು ಒಂದು ತಾಸು ತಿನ್ನುತ್ತವೆ. ಆಗ ತಡವಾಗುವುದು ಕೊನೆಗೆ ಕೇಳಿದವರಿಗೆ ಮಾತ್ರವಲ್ಲ, ಸೋಮವಾರವೇ ಹೇಳಿಟ್ಟವರಿಗೂ. ತಕ್ಷಣ ಕೊಡಬಹುದಾದ ಉತ್ತರ ಹೀಗಿರಬಹುದು: "ಬೇಳೆದು ಇಪ್ಪತ್ತ ಅಷ್ಟ ಉಳದಾವ್ರೀ. ಮೂವತ್ತ ಶೇಂಗಾ ಹೋಳಿಗಿ ಕೊಡ್ತೇನಿ, ನಡೀತದೇನ್ರಿ?" ಶೇಂಗಾ ಸುಡುವುದು ಗುರುವಾರವಾದ್ದರಿಂದ ಶನಿವಾರದ ಹಂಚಿಗೆ ಅದರ ಹೊರೆಯಿಲ್ಲ. ಗಿರಾಕಿ ಒಪ್ಪಿದರೆ ಇಬ್ಬರಿಗೂ ಅನುಕೂಲ. ಒಲ್ಲೆ ಎಂದರೆ ಇಪ್ಪತ್ತು ಬರೆದುಕೊಂಡು, ಅಲ್ಲಿಗೆ ಆ ವಾರದ ಬೇಳೆ ಹೋಳಿಗೆ ಮುಗಿಯಿತು ಎಂದು ಪುಸ್ತಕದಲ್ಲಿ ಗೆರೆ ಎಳೆಯಬೇಕು.

ಫೋನಿನಲ್ಲಿ ಆರ್ಡರು ಹಿಡಿಯುವುದಕ್ಕೂ ಒಂದು ಹೊತ್ತು ಬೇಕು. ಕೈಗೆ ಕಣಕ ಮೆತ್ತಿಕೊಂಡಿರುವಾಗ ಭುಜಕ್ಕೆ ಫೋನ್ ಸಿಕ್ಕಿಸಿಕೊಂಡು ಕೇಳಿದ ಆರ್ಡರು ಬರೆಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ, ಸಂಜೆ ಆರರಿಂದ ಎಂಟು ಎಂದು ಎರಡು ಹೊತ್ತು ಹೇಳಿಬಿಟ್ಟು, ಉಳಿದಾಗ ಬಂದ ಕರೆಗಳಿಗೆ ಆ ಹೊತ್ತಿನಲ್ಲಿ ತಿರುಗಿ ಫೋನ್ ಮಾಡುವುದು ಒಳ್ಳೆಯ ಪದ್ಧತಿ. ಪುಸ್ತಕದಲ್ಲಿ ಒಯ್ಯುವ ದಿನಕ್ಕೊಂದು ಪುಟ ಇರಬೇಕು, ಫೋನ್ ಬಂದ ದಿನಕ್ಕಲ್ಲ. ಎಷ್ಟೋ ಗೊಂದಲ ಈ ಒಂದು ಬದಲಾವಣೆಯಿಂದಲೇ ನಿಲ್ಲುತ್ತದೆ, ಏಕೆಂದರೆ ಶನಿವಾರದ ಪುಟ ತೆರೆದರೆ ಒಟ್ಟು ಎಷ್ಟಾಯಿತೆಂಬುದು ಕಣ್ಣ ಮುಂದೆಯೇ ಇರುತ್ತದೆ.

ಮಾತು ಮುಗಿಸುವ ಮೊದಲು ಮೂರು ಸಂಗತಿಯನ್ನು ತಿರುಗಿ ಓದಿ ಹೇಳಬೇಕು: ತಾರೀಖು, ಪದಾರ್ಥ, ಸಂಖ್ಯೆ. "ಬರೂ ಶನಿವಾರ" ಎಂದರೆ ಕೆಲವರಿಗೆ ಈ ಶನಿವಾರ, ಕೆಲವರಿಗೆ ಅದರ ಮುಂದಿನದು. "ನಾಲ್ಕು" ಎಂದಾಗ ನಾಲ್ಕು ಹೋಳಿಗೆಯೋ, ಹತ್ತು ಹೋಳಿಗೆಯ ನಾಲ್ಕು ಪೊಟ್ಟಣವೋ ಕೇಳದೆ ತಿಳಿಯುವುದಿಲ್ಲ. ಇದನ್ನೇ ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿ, ಅರ್ಧ ದುಡ್ಡು ಮುಂಗಡ ಬಂದ ಮೇಲೆಯೇ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯಬೇಕು. ಅಲ್ಲಿಯವರೆಗೆ ಪೆನ್ಸಿಲ್ಲು ಸಾಕು. ಬುಧವಾರ ಎಂಟಕ್ಕೆ ಪೆನ್ಸಿಲ್ಲಿನಲ್ಲೇ ಉಳಿದ ಹೆಸರಿಗೆ ಒಂದು ಸಲ ಫೋನ್ ಮಾಡಿ, ಉತ್ತರ ಬಾರದಿದ್ದರೆ ಅಳಿಸಿಬಿಡುವುದು. ಗಡುವಿನ ಮೊದಲು ಬೇಡವೆಂದವರಿಗೆ ಮುಂಗಡ ಪೂರ್ತಿ ವಾಪಸ್ಸು, ಆಮೇಲೆ ಇಲ್ಲ. ಬೇಳೆ, ಬೆಲ್ಲ ಅಷ್ಟರಲ್ಲಿ ಅವರ ಹೆಸರಿನಲ್ಲಿ ಮನೆಗೆ ಬಂದಿರುತ್ತವೆ. ಈ ಮಾತನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು, ಜಗಳದ ದಿನವಲ್ಲ.

ಪೊಟ್ಟಣದ ಮೇಲೆ ಮಾಡಿದ ತಾರೀಖು, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದು ಇರಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು, ಅದರ ಹದಿನಾಲ್ಕು ಅಂಕಿಯ ಸಂಖ್ಯೆಯೂ ಚೀಟಿಯ ಮೇಲೆ ಬರುತ್ತದೆ. ತಾರೀಖು ಹಾಕುವ ರೂಢಿಯಿಂದ ಮನೆಯವರಿಗೂ ಲಾಭವಿದೆ: ಮೂರು ವಾರ ದಾಟಿದ ಅಗಸಿ ಪುಡಿಯ ಡಬ್ಬಿ ಕಪಾಟಿನ ಹಿಂದೆ ಅಡಗಿ ಕೂರುವುದಿಲ್ಲ.

ಈ ಪಟ್ಟಿ ಕೆಡುವುದು ಮಳೆಗಾಲದಲ್ಲಿ ಮತ್ತು ಹಬ್ಬದಲ್ಲಿ. ಮಳೆಗಾಲದ ತೇವಕ್ಕೆ ಖಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಮುರಿದರೆ ಟಪ್ಪನೆ ಸದ್ದು ಬರದೆ ಬಾಗಿದರೆ ಅದು ಆರಿಲ್ಲ, ಡಬ್ಬಿಗೆ ಹಾಕುವಂತಿಲ್ಲ. ಫ್ಯಾನಿನ ಕೆಳಗೆ ಇನ್ನೊಂದು ದಿನ ಇಡಬೇಕು. ಇಡಲು ಜಾಗ ಇರುವುದು ಅಷ್ಟೇ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳವಾರದ ರೊಟ್ಟಿ ಆರುವ ತನಕ ಬುಧವಾರದ ರೊಟ್ಟಿಗೆ ಒಲೆ ಹಚ್ಚದಿರುವುದೇ ವಾಸಿ.

ಹಬ್ಬದ ತೊಂದರೆ ಬೇರೆ ಬಗೆಯದು. ಹೋಳಿ ಹುಣ್ಣಿಮೆಗೆ ಎಲ್ಲರಿಗೂ ಹೋಳಿಗೆ ಬೇಕು, ಅದೂ ಒಂದೇ ದಿನ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವವರ ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬೇಕು. ಹಬ್ಬ ಶನಿವಾರವೇ ಬರುವುದಿಲ್ಲ, ಮಂಗಳವಾರವೋ ಗುರುವಾರವೋ ಬಂದು ವಾರವನ್ನು ನಡುವೆ ಕತ್ತರಿಸುತ್ತದೆ. ಮಾಮೂಲಿ ಪಟ್ಟಿಯನ್ನೂ ನಡೆಸಿ ಹಬ್ಬವನ್ನೂ ನಡೆಸುತ್ತೇವೆ ಎಂದು ಹೊರಟರೆ ಎರಡೂ ಕೆಡುತ್ತವೆ. ಆ ವಾರದ ಶನಿವಾರವನ್ನು ಬಿಟ್ಟುಬಿಡುವುದೇ ಮೇಲು. ಹಬ್ಬದ ದಿನವನ್ನೇ ಶನಿವಾರ ಎಂದುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು: ಮುಂಚಿನ ದಿನ ಹೂರಣ, ಅದರ ಹಿಂದಿನ ದಿನ ಶೇಂಗಾ ಸುಡುವುದು, ಅದಕ್ಕೂ ಹಿಂದಿನ ರಾತ್ರಿ ಗಡುವು. ಆದರೆ ಹಬ್ಬಕ್ಕೆ ಅಷ್ಟೂ ಸಾಲದು. ಕೇಳುವವರು ಮೂರು ಪಟ್ಟು, ಹಂಚು ಮಾತ್ರ ಅವೇ ಎರಡು. ಗಡುವನ್ನು ಒಂದು ವಾರ ಹಿಂದಕ್ಕೆ ಸರಿಸಿದರೆ ಇನ್ನಿಬ್ಬರು ಸಹಾಯಕಿಯರು ಸಿಗುತ್ತಾರೋ ಇಲ್ಲವೋ ಎಂಬುದು ತಿಳಿಯುತ್ತದೆ. ಅವರಿಗೂ ತಮ್ಮ ಮನೆಯಲ್ಲಿ ಹಬ್ಬವಿದೆಯಲ್ಲ. ಸಿಗುವುದಿಲ್ಲ ಎಂದಾದರೆ 150ರ ಮಿತಿ ಹಬ್ಬಕ್ಕೂ 150ರದೇ, ಮನೆಗೆ ಇಪ್ಪತ್ತಕ್ಕಿಂತ ಹೆಚ್ಚು ಇಲ್ಲ ಎಂದು ಹಂಚಿಕೊಡಬೇಕು. ಎಳ್ಳ ಅಮಾವಾಸ್ಯೆಯಾದರೆ ಕೆಲಸ ಹಗುರ. ರೊಟ್ಟಿ, ಶೇಂಗಾ ಹೋಳಿಗೆ ಎರಡೂ ತಾಳುವಂಥವು, ಹಿಂದಿನ ವಾರದಿಂದಲೇ ಸ್ವಲ್ಪಸ್ವಲ್ಪ ಮಾಡಿಡಬಹುದು. ಸಜ್ಜೆಯನ್ನು ಮಾತ್ರ ಅಮಾವಾಸ್ಯೆಗೆ ಮೂರು-ನಾಲ್ಕು ದಿನ ಇರುವಾಗಲೇ ಬೀಸಿಸಿಕೊಳ್ಳಬೇಕು, ಹಿಂದಿನ ದಿನ ಗಿರಣಿಯ ಮುಂದೆ ಊರಿನ ಡಬ್ಬಿಗಳೆಲ್ಲ ಸಾಲು ಹಚ್ಚಿರುತ್ತವೆ.